ಪುಸ್ತಕದ ಹೊರಗಿನ ಸಾಕ್ಷಿ



ಸೆಪ್ಟೆಂಬರ್ ಬಂತೆಂದರೆ ನಮ್ಮ ಊರೂರ ಸಹಕಾರ ಸಂಘಗಳಲ್ಲಿ ಸರ್ವಸದಸ್ಯರ ಸಭೆ. ಶಾಮಿಯಾನ ಹಾಕಿರುತ್ತಾರೆ. ಕಾರ್ಯದರ್ಶಿಗಳು ವಾರ್ಷಿಕ ವರದಿ ಓದುತ್ತಾರೆ. ಆಮೇಲೆ ಲೆಕ್ಕಪರಿಶೋಧನಾ ವರದಿ ಎಂಬ ವಿಷಯ ಬರುತ್ತದೆ. "ಆಡಿಟ್ ಆಗಿದೆ, ಎಲ್ಲ ಸರಿ ಇದೆ" ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಆ ಹೊತ್ತಿನಲ್ಲಿ ಪಕ್ಕದವರನ್ನು ಕೇಳಿ ನೋಡಿ. ಆಡಿಟರ್ ಬಂದು ಏನು ಮಾಡಿದರು? ಒಬ್ಬರು ಹೇಳುತ್ತಾರೆ, "ಎಲ್ಲ ಲೆಕ್ಕಾನೂ ಕೂಡಿ ಕಳೆದು ನೋಡಿರ್ತಾರೆ." ಇನ್ನೊಬ್ಬರು ಹೇಳುತ್ತಾರೆ, "ಲೆಕ್ಕ ಬರೆಯೋದೇ ಅವರಲ್ವಾ?" ಎರಡೂ ಸರಿಯಲ್ಲ. ಎಲ್ಲ ಲೆಕ್ಕವನ್ನೂ ಯಾವ ಆಡಿಟರೂ ನೋಡುವುದಿಲ್ಲ. ಲೆಕ್ಕ ಬರೆಯುವುದು ಅವರ ಕೆಲಸವೇ ಅಲ್ಲ. ಹಾಗಾದರೆ ಅವರು ನೋಡುವುದಾದರೂ ಏನನ್ನು? ಇವತ್ತಿನ ಮಾತು ಅಷ್ಟರ ಸುತ್ತ.

ಮಾತಿಗೆ ಒಂದು ಸಂಘ ಬೇಕು. ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಎಂದಿಟ್ಟುಕೊಳ್ಳೋಣ. ಸದಸ್ಯರು 1,200. ಸದಸ್ಯರಿಗೆ ಕೊಟ್ಟ ಸಾಲ ಸುಮಾರು 3 ಕೋಟಿ ರೂಪಾಯಿ. ಬ್ಯಾಂಕಿನಲ್ಲಿ 50 ಲಕ್ಷದ ಮುದ್ದತು ಠೇವಣಿ. ಗೋದಾಮಿನಲ್ಲಿ 8 ಲಕ್ಷದ ಗೊಬ್ಬರ. ಪೆಟ್ಟಿಗೆಯಲ್ಲಿ ಒಂದಿಷ್ಟು ನಗದು. ಇದು ಯಾವ ಊರಿನ ಸಂಘವೂ ಅಲ್ಲ, ವಿವರಣೆಗಾಗಿ ನಾನು ಕಟ್ಟಿಕೊಂಡದ್ದು. ಇದರಲ್ಲಿ ನಡೆಯುವ ಸಂಗತಿಗಳು ಮಾತ್ರ ಎಲ್ಲಿ ಬೇಕಾದರೂ ನಡೆಯಬಹುದಾದವು.

ಮೊದಲು ಲೆಕ್ಕ ಬರೆಯುವವರನ್ನು ನೋಡೋಣ. ಸಂಘದ ಗುಮಾಸ್ತರ ಮೇಜಿನ ಮೇಲೆ ದಿನವೂ ಚೀಟಿಗಳು ಬೀಳುತ್ತವೆ. ರಸೀದಿ, ಬಿಲ್ಲು, ವೋಚರ್. ಅವರು ಅವನ್ನು ನಗದು ಪುಸ್ತಕಕ್ಕೆ ಏರಿಸುತ್ತಾರೆ. ಅಲ್ಲಿಂದ ಆಯಾ ಖಾತೆಗೆ ಹಾಕುತ್ತಾರೆ. ವರ್ಷದ ಕೊನೆಗೆ ಎಲ್ಲ ಖಾತೆಗಳ ಬಾಕಿ ತೆಗೆದು ತಾಳೆ ಪಟ್ಟಿ ಮಾಡುತ್ತಾರೆ. ಖರ್ಚಿನ ಕಡೆ ಮೊತ್ತ, ಜಮೆಯ ಕಡೆ ಮೊತ್ತ, ಎರಡೂ ಸಮ ಬಂದರೆ ಉಸಿರು ಬಿಡುತ್ತಾರೆ. ಅದರಿಂದ ಲಾಭ-ನಷ್ಟದ ಲೆಕ್ಕ ಹುಟ್ಟುತ್ತದೆ. ಆಸ್ತಿ-ಜವಾಬ್ದಾರಿ ಪಟ್ಟಿ ಹುಟ್ಟುತ್ತದೆ.

ಇದು ಸಣ್ಣ ಕೆಲಸವಲ್ಲ. ವರ್ಷವಿಡೀ ಬಿಡದೆ ಮಾಡಬೇಕಾದ, ತಾಳ್ಮೆ ಬೇಡುವ ಕೆಲಸ. ಆದರೆ ಎರಡು ಕಡೆ ಸಮ ಬಂದಿತೆಂದರೆ ಏನು ಸಿದ್ಧವಾಯಿತು? ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆಯೂ ಬರೆದಿದ್ದಾರೆ, ಅಷ್ಟು ಮಾತ್ರ. ಗೊಬ್ಬರದ ಬಿಲ್ಲನ್ನು ಕಟ್ಟಡ ದುರಸ್ತಿ ಎಂದು ಬರೆದರೂ ತಾಳೆ ಬರುತ್ತದೆ. ಒಂದು ಬಿಲ್ಲನ್ನು ಬರೆಯದೆ ಡ್ರಾಯರಿನಲ್ಲಿ ಇಟ್ಟುಬಿಟ್ಟರೂ ತಾಳೆ ಬರುತ್ತದೆ. ಸುಳ್ಳು ಬಿಲ್ಲನ್ನು ಅಚ್ಚುಕಟ್ಟಾಗಿ ಎರಡೂ ಕಡೆ ಬರೆದರೂ ತಾಳೆ ಬರುತ್ತದೆ. ಪುಸ್ತಕ ತನ್ನೊಳಗೆ ತಾನು ಹೊಂದಿಕೊಂಡಿದೆ ಎಂದು ತಾಳೆ ಪಟ್ಟಿ ಹೇಳಬಲ್ಲದು. ಹೊರಗಿನ ಪ್ರಪಂಚಕ್ಕೆ ಹೊಂದಿಕೊಂಡಿದೆಯೇ ಎಂದು ಅದಕ್ಕೆ ಗೊತ್ತಿಲ್ಲ.

ಆಡಿಟರ ಕೆಲಸ ಶುರುವಾಗುವುದು ಇಲ್ಲಿಂದ. ಗುಮಾಸ್ತರು ಚೀಟಿಯಿಂದ ಹೊರಟು ಆಸ್ತಿ-ಜವಾಬ್ದಾರಿ ಪಟ್ಟಿಗೆ ಬಂದು ನಿಲ್ಲುತ್ತಾರೆ. ಆಡಿಟರು ಆ ಪಟ್ಟಿಯಿಂದ ಹೊರಟು ಹಿಂದಕ್ಕೆ ನಡೆಯುತ್ತಾರೆ. ನಡೆದು ಚೀಟಿಯ ಹತ್ತಿರ ನಿಲ್ಲುವುದೂ ಇಲ್ಲ. ಚೀಟಿಯ ಆಚೆಗೆ, ಗೋದಾಮಿಗೆ, ಬ್ಯಾಂಕಿಗೆ, ಸಾಲ ಪಡೆದವರ ಮನೆಗೆ ಹೋಗುತ್ತಾರೆ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಸಣ್ಣ ಊರುಗಳಲ್ಲಿ "ಆಡಿಟರ್ ಹತ್ತಿರ ಲೆಕ್ಕ ಬರೆಸುತ್ತೇವೆ" ಎಂದು ಸಹಜವಾಗಿ ಹೇಳುತ್ತಾರೆ. ತೆರಿಗೆ ಸಲಹೆಗಾರರ ಹತ್ತಿರ ಲೆಕ್ಕ ಬರೆಸಿದರೆ ಏನೂ ತಪ್ಪಿಲ್ಲ. ಆದರೆ ಅದೇ ವ್ಯಕ್ತಿ ಅದೇ ಲೆಕ್ಕಕ್ಕೆ ಪರಿಶೋಧನಾ ವರದಿಯ ಸಹಿಯನ್ನೂ ಹಾಕಿದರೆ, ತಾನು ಬರೆದ ಉತ್ತರ ಪತ್ರಿಕೆಗೆ ತಾನೇ ಅಂಕ ಕೊಟ್ಟಂತೆ. ಕಾನೂನು ಇದಕ್ಕೆ ಅಡ್ಡ ಬರುತ್ತದೆ. ಕಂಪನಿಗಳಿಗೆ ಅನ್ವಯಿಸುವ 2013ರ ಕಾಯ್ದೆ, ಲೆಕ್ಕ ಬರೆದುಕೊಡುವ ಸೇವೆಯನ್ನು ಅದೇ ಕಂಪನಿಯ ಆಡಿಟರು ಮಾಡಕೂಡದು ಎಂದು ಸ್ಪಷ್ಟವಾಗಿ ಹೇಳಿದೆ. ಲೆಕ್ಕ ಸಿದ್ಧಪಡಿಸುವ ಹೊಣೆ ಆಡಳಿತ ಮಂಡಳಿಯದು. ಅದರ ಬಗ್ಗೆ ಅಭಿಪ್ರಾಯ ಹೇಳುವ ಹೊಣೆ ಆಡಿಟರದು. ನಮ್ಮ ರಾಜ್ಯದ ಸಹಕಾರ ಸಂಘಗಳ ಆಡಿಟ್ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಪ್ರಕರಣದ ಕೆಳಗೆ.

ಇಷ್ಟು ಹೊತ್ತು ಹೇಳಿದ್ದು ಇದು. ಗುಮಾಸ್ತರು ನಡೆದದ್ದನ್ನು ಪುಸ್ತಕಕ್ಕೆ ತರುತ್ತಾರೆ. ಆಡಿಟರು ಪುಸ್ತಕದಲ್ಲಿರುವುದು ನಡೆದಿದೆಯೇ ಎಂದು ಹೊರಗೆ ಹುಡುಕುತ್ತಾರೆ. ಈಗ ಆ ಹುಡುಕಾಟ ಹೇಗಿರುತ್ತದೆಂದು ನೋಡೋಣ. ನಮ್ಮ ಸಂಘದ ಗೋದಾಮಿಗೆ ಹೋಗೋಣ.

ದಾಸ್ತಾನು ಪುಸ್ತಕದಲ್ಲಿ ಡಿಎಪಿ ಗೊಬ್ಬರ 600 ಚೀಲ ಎಂದಿದೆ. ಚೀಲಕ್ಕೆ 1,350 ರೂಪಾಯಿ. ಒಟ್ಟು 8 ಲಕ್ಷದ ಹತ್ತಿರ. ಆಡಿಟರು ಗೋದಾಮಿನ ಬಾಗಿಲಲ್ಲಿ ನಿಂತಿದ್ದಾರೆ. ಎದುರಿಗೆ ಆಳೆತ್ತರದ ಅಟ್ಟಿ. ಅಗಲಕ್ಕೆ ಹತ್ತು, ಎತ್ತರಕ್ಕೆ ಹತ್ತು, ಉದ್ದಕ್ಕೆ ಆರು. ಗುಣಿಸಿದರೆ 600. ಲೆಕ್ಕ ಸರಿಯಾಯಿತಲ್ಲ?

ಆಗಲಿಲ್ಲ. ಅಟ್ಟಿಯ ನಡುವೆ ಚೀಲಗಳು ಇವೆಯೇ ಎಂದು ಮುಂದೆ ನಿಂತವರಿಗೆ ಕಾಣುವುದಿಲ್ಲ. ಸುತ್ತಲೂ ಗೋಡೆಯಂತೆ ಜೋಡಿಸಿ ಒಳಗೆ ಟೊಳ್ಳು ಬಿಡಬಹುದು. ಆದ್ದರಿಂದ ಅನುಭವ ಇರುವವರು ಅಟ್ಟಿಯ ಮೇಲಕ್ಕೆ ಹತ್ತಿ ನೋಡುತ್ತಾರೆ. ನಡುವಿನಿಂದ ಕೆಲವು ಚೀಲ ತೆಗೆಸುತ್ತಾರೆ. ಚೀಲದ ಹೊಲಿಗೆ ಕಾರ್ಖಾನೆಯದೇ, ಮತ್ತೆ ಹೊಲಿದದ್ದೇ ಎಂದು ಮುಟ್ಟಿ ನೋಡುತ್ತಾರೆ. ಗೋದಾಮಿಗೆ ಹೋಗುವ ದಿನ ಯಾವ ಅಂಗಿ ಹಾಕಿಕೊಳ್ಳಬೇಕು ಎಂಬುದು ಈ ವೃತ್ತಿಯ ಹುಡುಗರು ಬೇಗ ಕಲಿಯುವ ಪಾಠ.

ಎಣಿಕೆಯಲ್ಲಿ ಎರಡು ದಿಕ್ಕುಗಳಿವೆ. ಈ ಮಾತಿಗೆ ಸ್ವಲ್ಪ ಕಿವಿಗೊಡಿ. ಮೊದಲನೆಯದು ಪುಸ್ತಕದಿಂದ ಅಟ್ಟಿಗೆ. ಪುಸ್ತಕದಲ್ಲಿ 600 ಇದೆ, ಅಟ್ಟಿಯಲ್ಲಿ ಇದೆಯೇ? ಇದರಿಂದ ಇಲ್ಲದ್ದನ್ನು ಇದೆ ಎಂದು ಬರೆದಿದ್ದರೆ ಸಿಕ್ಕಿಬೀಳುತ್ತದೆ. ಎರಡನೆಯದು ಅಟ್ಟಿಯಿಂದ ಪುಸ್ತಕಕ್ಕೆ. ಅಟ್ಟಿಯಲ್ಲಿ ಕಾಣುವ ಚೀಲ ಪುಸ್ತಕದಲ್ಲಿ ಇದೆಯೇ? ಇದರಿಂದ ಇರುವುದನ್ನು ಬರೆಯದೆ ಬಿಟ್ಟಿದ್ದರೆ ಸಿಕ್ಕಿಬೀಳುತ್ತದೆ. ಮೊದಲ ದಿಕ್ಕಿನಲ್ಲಿ ವರ್ಷಾನುಗಟ್ಟಲೆ ನಡೆದರೂ ಎರಡನೆಯ ಬಗೆಯ ತಪ್ಪು ಕಾಣುವುದಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಪುಸ್ತಕ ನೋಡಿ ಹುಡುಕುವುದು ಹೇಗೆ?

ನಮ್ಮ ಗೋದಾಮಿನ ಮೂಲೆಯಲ್ಲಿ 40 ಚೀಲ ಬೇರೆಯಾಗಿ ಇಟ್ಟಿದ್ದಾರೆ. "ಇವು ನಮ್ಮವಲ್ಲ ಸರ್, ರೈತರಿಗೆ ಬಿಲ್ ಆಗಿದೆ, ಅವರಿನ್ನೂ ಒಯ್ದಿಲ್ಲ" ಎನ್ನುತ್ತಾರೆ ಮಾರಾಟ ಗುಮಾಸ್ತರು. ಇರಬಹುದು. ಆಗ ಅವು ಸಂಘದ ಆಸ್ತಿಯಲ್ಲ. ಆ 40ನ್ನು 600ರೊಳಗೆ ಎಣಿಸಿದ್ದಾರೆಯೇ ಎಂದು ನೋಡಬೇಕು. ಮಾರಿದ ಬಿಲ್ಲಿನ ದಿನಾಂಕ ನೋಡಬೇಕು. ಕಣ್ಣಿಗೆ ಕಂಡದ್ದೆಲ್ಲ ನಮ್ಮದಾಗುವುದಿಲ್ಲ. ಇದೆಯೇ ಎಂಬುದು ಒಂದು ಪ್ರಶ್ನೆ, ನಮ್ಮದೇ ಎಂಬುದು ಬೇರೆಯೇ ಪ್ರಶ್ನೆ.

ಇನ್ನೊಂದು ಲಾರಿ ಲೋಡಿನ ಕತೆ. ಗೋದಾಮಿನ ಒಳಬರುವ ರಿಜಿಸ್ಟರಿನಲ್ಲಿ ಮಾರ್ಚ್ 30ರಂದು 200 ಚೀಲ ಇಳಿದಿವೆ. ಆ 200 ಚೀಲ ನಮ್ಮ 600ರಲ್ಲಿ ಸೇರಿವೆ. ಆದರೆ ಸರಬರಾಜುದಾರರ ಬಿಲ್ಲು ಬಂದದ್ದು ಏಪ್ರಿಲ್ 5ಕ್ಕೆ. ಗುಮಾಸ್ತರು ಬಿಲ್ಲು ಬಂದ ದಿನವೇ ಬರೆದರು. ಪರಿಣಾಮ ಏನು? ಮಾರ್ಚ್ 31ಕ್ಕೆ ಮಾಲು ಆಸ್ತಿಯಲ್ಲಿದೆ, ಅದರ ಸಾಲ ಜವಾಬ್ದಾರಿಯಲ್ಲಿ ಇಲ್ಲ. ಸುಮಾರು 2 ಲಕ್ಷ 70 ಸಾವಿರ ಲಾಭ ಗಾಳಿಯಿಂದ ಬಂದಂತಾಯಿತು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಇದನ್ನು ಹಿಡಿಯಲು ಆಡಿಟರು ಹಳೆಯ ವರ್ಷದ ಪುಸ್ತಕ ಮುಚ್ಚಿ ಹೊಸ ವರ್ಷದ ಪುಸ್ತಕ ತೆರೆಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಟ್ಟ ದೊಡ್ಡ ಹಣಗಳನ್ನು ಹೆಕ್ಕುತ್ತಾರೆ. ಒಂದೊಂದೂ ಯಾವ ದಿನ ಬಂದ ಮಾಲಿಗೆ ಕೊಟ್ಟದ್ದು ಎಂದು ಕೇಳುತ್ತಾರೆ. ಬರೆಯದೆ ಬಿಟ್ಟ ಸಾಲ ಹಳೆಯ ಪುಸ್ತಕದಲ್ಲಿ ಕಾಣುವುದಿಲ್ಲ, ಅದನ್ನು ತೀರಿಸಿದ ದಿನ ಹೊಸ ಪುಸ್ತಕದಲ್ಲಿ ಕಾಣುತ್ತದೆ.

ಹಾಗಾದರೆ ಒಂದು ಅಂಕಿಯನ್ನು ಹಿಡಿದು ಆಡಿಟರು ಕೇಳುವ ಪ್ರಶ್ನೆಗಳು ನಿಮಗೀಗ ಗೊತ್ತಾದವು. ಇದು ಇದೆಯೇ? ನಮ್ಮದೇ? ಎಲ್ಲವೂ ಬಂದಿದೆಯೇ? ಈ ವರ್ಷದ್ದೇ? ಇವುಗಳ ಜೊತೆಗೆ ಬೆಲೆ ಸರಿಯೇ ಎಂಬುದೂ ಇದೆ. ನೀರು ತಾಗಿ ಗಟ್ಟಿಯಾದ ಗೊಬ್ಬರಕ್ಕೆ ಪೂರ್ತಿ ಬೆಲೆ ಹಾಕಲಾಗುವುದಿಲ್ಲ. ಅದಿರಲಿ. ಈಗ ಹೆಚ್ಚು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆಗಳಿಗೆ ಉತ್ತರ ಕೊಡುವವರು ಯಾರು? ಯಾರ ಉತ್ತರವನ್ನು ಎಷ್ಟು ನಂಬಬೇಕು? ಆಡಿಟಿನಲ್ಲಿ ಸಾಕ್ಷ್ಯ ಎಂದರೆ ಇದೇ.

ಗೋದಾಮು ಸುಲಭ, ಹೋಗಿ ಎಣಿಸಬಹುದು. ಬ್ಯಾಂಕಿನಲ್ಲಿರುವ 50 ಲಕ್ಷವನ್ನು ಎಣಿಸುವುದು ಹೇಗೆ? ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಯಾರೋ ಹೇಳಬೇಕು, ಯಾವುದೋ ಕಾಗದ ಹೇಳಬೇಕು. ನಮ್ಮ ಸಂಘದ ಠೇವಣಿಯನ್ನು ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಆಡಿಟರು ಮೊದಲು ಕಾರ್ಯದರ್ಶಿಯವರನ್ನು ಕೇಳುತ್ತಾರೆ. "50 ಲಕ್ಷ ಠೇವಣಿ ಇದೆಯಾ?" "ಇದೆ ಸರ್." ಇದು ಬಾಯಿಮಾತು. ಇದಕ್ಕೂ ಬೆಲೆ ಇದೆ, ಆದರೆ ಒಂಟಿಯಾಗಿ ನಿಲ್ಲುವಷ್ಟಿಲ್ಲ. ಅವರು ಹೇಳುವ ಮಾತು ಪುಸ್ತಕದ ಮಾತೇ.

ಎರಡನೆಯದಾಗಿ ಠೇವಣಿ ರಿಜಿಸ್ಟರ್ ನೋಡುತ್ತಾರೆ. ಅಲ್ಲಿಯೂ 50 ಲಕ್ಷ. ಆದರೆ ಅದೂ ಸಂಘದಲ್ಲೇ ಬರೆದ ಪುಸ್ತಕ. ಒಂದು ಪುಸ್ತಕಕ್ಕೆ ಅದೇ ಕೈ ಬರೆದ ಇನ್ನೊಂದು ಪುಸ್ತಕವನ್ನು ಸಾಕ್ಷಿ ಕರೆದರೆ ಸಿಗುವುದು ಅಷ್ಟೇ.

ಮೂರನೆಯದಾಗಿ ಠೇವಣಿ ರಸೀದಿ ಕೇಳುತ್ತಾರೆ. ಕಾರ್ಯದರ್ಶಿಯವರು ಜೆರಾಕ್ಸ್ ಪ್ರತಿ ತಂದು ಕೊಡುತ್ತಾರೆ. ಬ್ಯಾಂಕಿನ ಹೆಸರು, ಮೊಹರು, 50 ಲಕ್ಷ, ಶೇಕಡಾ 7 ಬಡ್ಡಿ, ಎಲ್ಲ ಇದೆ. ಇದು ಹೊರಗಿನವರು ಕೊಟ್ಟ ಕಾಗದ. ಸಂಘದ ರಿಜಿಸ್ಟರಿಗಿಂತ ಇದರ ತೂಕ ಹೆಚ್ಚು. ಆದರೆ ಇದು ಆಡಿಟರ ಕೈಗೆ ಬಂದದ್ದು ಕಾರ್ಯದರ್ಶಿಯವರ ಕೈಯಿಂದ. ಅದೂ ಜೆರಾಕ್ಸ್.

"ಅಸಲು ರಸೀದಿ ಎಲ್ಲಿ?"

"ನವೀಕರಣಕ್ಕೆ ಅಂತ ಬ್ಯಾಂಕಿಗೆ ಕೊಟ್ಟಿದ್ದೀವಿ ಸರ್."

ಆಡಿಟರು ಜೆರಾಕ್ಸಿನಲ್ಲಿ ವಾಯಿದೆಯ ದಿನಾಂಕ ನೋಡುತ್ತಾರೆ. ಠೇವಣಿ ಮುಗಿಯಲು ಇನ್ನೂ ಒಂದು ವರ್ಷದ ಮೇಲಿದೆ. ಈಗಲೇ ನವೀಕರಣವೇಕೆ? ಇಷ್ಟರಿಂದಲೇ ಮೋಸ ಎನ್ನಲಾಗುವುದಿಲ್ಲ. ಪುಸ್ತಕದ ಅಂಚಿನಲ್ಲಿ ಒಂದು ಪೆನ್ಸಿಲ್ ಗುರುತು ಬೀಳುತ್ತದೆ.

ಆಮೇಲೆ ಒಂದು ಸಣ್ಣ ಲೆಕ್ಕ. 50 ಲಕ್ಷಕ್ಕೆ ಶೇಕಡಾ 7ರಂತೆ ವರ್ಷಕ್ಕೆ ಮೂರೂವರೆ ಲಕ್ಷ ಬಡ್ಡಿ ಬರಬೇಕು. ಲಾಭ-ನಷ್ಟದ ಲೆಕ್ಕದಲ್ಲಿ ಠೇವಣಿಯ ಬಡ್ಡಿ ಎಷ್ಟಿದೆ? 1 ಲಕ್ಷ 90 ಸಾವಿರ. ಗುಮಾಸ್ತರು ತಪ್ಪು ಬರೆದರೇ? ಇಲ್ಲ. ಪಾಸ್‌ಬುಕ್ಕಿನಲ್ಲಿ ಜಮೆಯಾದದ್ದೇ 1 ಲಕ್ಷ 90 ಸಾವಿರ. ಬಂದದ್ದನ್ನು ಬಂದ ಹಾಗೆ ಬರೆದಿದ್ದಾರೆ. ಲೆಕ್ಕ ಬರೆಯುವವರಾಗಿ ಅವರ ಕೆಲಸ ಪೂರ್ತಿ ಸರಿ. ಬರಬೇಕಾಗಿದ್ದದ್ದು ಎಷ್ಟು ಎಂದು ಕೇಳುವುದು ಆಡಿಟರ ಕೆಲಸ. ಎರಡು ಕಸುಬಿನ ನಡುವಿನ ಗೆರೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ.

"ಬಡ್ಡಿ ದರ ಇಳಿದಿದೆ ಸರ್" ಎನ್ನುತ್ತಾರೆ ಕಾರ್ಯದರ್ಶಿಗಳು. ಆದರೆ ಮುದ್ದತು ಠೇವಣಿಯ ದರ ಇಟ್ಟ ದಿನವೇ ನಿಗದಿಯಾಗಿರುತ್ತದೆ. ಜೆರಾಕ್ಸಿನಲ್ಲೇ ಶೇಕಡಾ 7 ಎಂದಿದೆ.

ಈಗ ಆಡಿಟರು ಬ್ಯಾಂಕಿಗೆ ನೇರವಾಗಿ ಪತ್ರ ಬರೆಯುತ್ತಾರೆ. ಈ ಪತ್ರದ ವಿಧಾನ ಕೇಳಿ, ಇದರಲ್ಲೇ ಗುಟ್ಟಿದೆ. ಪತ್ರ ಸಂಘದ ಹೆಸರಿನಲ್ಲೇ ಇರುತ್ತದೆ. "ನಮ್ಮ ಖಾತೆಗಳ ವಿವರವನ್ನು ನಮ್ಮ ಲೆಕ್ಕಪರಿಶೋಧಕರಿಗೆ ನೇರವಾಗಿ ಕಳಿಸಿ" ಎಂದು ಸಂಘದ ಅಧಿಕಾರಸ್ಥರು ಸಹಿ ಮಾಡುತ್ತಾರೆ. ಖಾತೆ ಸಂಘದ್ದಾದ್ದರಿಂದ ಆ ಒಪ್ಪಿಗೆ ಬೇಕು. ಆದರೆ ಸಹಿಯಾದ ಮೇಲೆ ಪತ್ರ ಸಂಘದವರ ಕೈಗೆ ಮತ್ತೆ ಹೋಗಕೂಡದು. ಅಂಚೆಗೆ ಹಾಕುವವರು ಆಡಿಟರು. ಬ್ಯಾಂಕಿನ ವಿಳಾಸವನ್ನು ಸ್ವತಂತ್ರವಾಗಿ ಖಚಿತ ಮಾಡಿಕೊಳ್ಳುವವರೂ ಅವರೇ. ಉತ್ತರ ಬಂದು ಬೀಳಬೇಕಾದದ್ದೂ ಆಡಿಟರ ಕಚೇರಿಗೆ. ಭಾರತದ ಲೆಕ್ಕಪರಿಶೋಧಕರ ಸಂಸ್ಥೆ ಹೊರಡಿಸಿರುವ ಮಾನದಂಡಗಳಲ್ಲಿ 505ನೆಯದು ಪೂರ್ತಿ ಇದರ ಬಗ್ಗೆಯೇ ಇದೆ. ಒಂದು ವೇಳೆ ಆಡಳಿತದವರು "ಬ್ಯಾಂಕಿಗೆ ಬರೆಯಬೇಡಿ" ಎಂದರೆ? ಏಕೆಂದು ಕೇಳಬೇಕು. ಕಾರಣ ಒಪ್ಪುವಂಥದ್ದಲ್ಲದಿದ್ದರೆ ಅದನ್ನೂ ಒಂದು ಸಾಕ್ಷ್ಯವಾಗಿಯೇ ತೂಗಬೇಕು.

ಪತ್ರದಲ್ಲಿ ಏನು ಕೇಳುತ್ತಾರೆ? ಠೇವಣಿ ಎಷ್ಟಿದೆ ಎಂದಷ್ಟೇ ಕೇಳಿದರೆ ಸಾಲದು. ಸಂಘದ ಹೆಸರಿನಲ್ಲಿ ಒಟ್ಟು ಎಷ್ಟು ಖಾತೆಗಳಿವೆ? ಯಾವುದಾದರೂ ಸಾಲವಿದೆಯೇ? ಠೇವಣಿಯ ಮೇಲೆ ಅಡವಿನ ಹೊರೆ ಇದೆಯೇ? ಇವನ್ನೂ ಕೇಳುತ್ತಾರೆ.

ಉತ್ತರ ಬಂತು. ಠೇವಣಿ 50 ಲಕ್ಷ ಇದೆ. ಕಾರ್ಯದರ್ಶಿ ಸುಳ್ಳು ಹೇಳಿರಲಿಲ್ಲ. ಆದರೆ ಅದೇ ಠೇವಣಿಯನ್ನು ಅಡವಿಟ್ಟು ಅಕ್ಟೋಬರಿನಲ್ಲಿ 40 ಲಕ್ಷ ಸಾಲ ತೆಗೆಯಲಾಗಿದೆ. ಸಾಲದ ಹಣ ಸಂಘದ ಹೆಸರಿನಲ್ಲೇ ತೆರೆದ ಇನ್ನೊಂದು ಖಾತೆಗೆ ಹೋಗಿದೆ. ಆ ಖಾತೆ ಸಂಘದ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಸಾಲಕ್ಕೆ ಶೇಕಡಾ 8 ಬಡ್ಡಿ. ಆರು ತಿಂಗಳಿಗೆ 1 ಲಕ್ಷ 60 ಸಾವಿರ. ಬ್ಯಾಂಕು ಅದನ್ನು ಠೇವಣಿಯ ಬಡ್ಡಿಯಲ್ಲಿ ಮುರಿದುಕೊಂಡು ಉಳಿದದ್ದನ್ನು ಜಮೆ ಮಾಡಿದೆ. ಮೂರೂವರೆ ಲಕ್ಷದಲ್ಲಿ 1 ಲಕ್ಷ 60 ಸಾವಿರ ಕಳೆಯಿರಿ. ಗುಮಾಸ್ತರು ಬರೆದ 1 ಲಕ್ಷ 90 ಸಾವಿರ ಸಿಗುತ್ತದೆ. ಅಸಲು ರಸೀದಿ ಬ್ಯಾಂಕಿನಲ್ಲಿ ಇದ್ದದ್ದೂ ನಿಜ. ಅಡವಿನ ಕಾಗದವಾಗಿ ಇತ್ತು.

ಇನ್ನೊಂದು ಹೆಜ್ಜೆ ಉಳಿದಿದೆ. ಅಡವಿಡಲು ಆಡಳಿತ ಮಂಡಳಿಯ ಠರಾವು ಬೇಕು. ಬ್ಯಾಂಕಿನ ಕಡತದಲ್ಲಿ ಠರಾವಿನ ಪ್ರತಿ ಇದೆ, ಅದಕ್ಕೊಂದು ಸಂಖ್ಯೆಯೂ ಇದೆ. ಸಂಘದ ನಡವಳಿ ಪುಸ್ತಕದಲ್ಲಿ ಅದೇ ಸಂಖ್ಯೆಯ ಠರಾವು ಹುಡುಕಿದರೆ, ಅದು ಗೋದಾಮಿನ ಬಾಗಿಲಿಗೆ ಬಣ್ಣ ಹೊಡೆಸುವ ವಿಷಯದ್ದು.

ಈ ಉದಾಹರಣೆಯಲ್ಲಿ ಸಾಕ್ಷ್ಯಗಳ ತೂಕ ಹೇಗೆ ಏರುತ್ತಾ ಹೋಯಿತೆಂದು ಗಮನಿಸಿದಿರಾ? ಬಾಯಿಮಾತು. ಸಂಘದವರೇ ಬರೆದ ರಿಜಿಸ್ಟರ್. ಹೊರಗಿನವರು ಕೊಟ್ಟು ಸಂಘದವರ ಕೈಯಿಂದ ಬಂದ ಕಾಗದ. ಆಡಿಟರು ತಾವೇ ಹಾಕಿದ ಬಡ್ಡಿಯ ಲೆಕ್ಕ. ಕೊನೆಗೆ, ಹೊರಗಿನವರಿಂದ ನೇರವಾಗಿ ಬಂದ ಪತ್ರ. ಕಾಗದದಲ್ಲಿ ಏನಿದೆ ಎಂಬುದು ಎಷ್ಟು ಮುಖ್ಯವೋ, ಅದು ಯಾವ ದಾರಿಯಲ್ಲಿ ಬಂತು ಎಂಬುದೂ ಅಷ್ಟೇ ಮುಖ್ಯ. ಪುಸ್ತಕ ಬರೆದವರ ಕೈ ತಾಗದ ದಾರಿಯಲ್ಲಿ ಬಂದದ್ದು ಹೆಚ್ಚು ತೂಗುತ್ತದೆ.

ಇದು ಹಳ್ಳಿಯ ಸಂಘದ ಮಾತಾಯಿತು, ದೊಡ್ಡ ಕಡೆ ಹೀಗೆಲ್ಲ ನಡೆಯುವುದಿಲ್ಲ ಎಂದುಕೊಳ್ಳಬೇಡಿ. ದೊಡ್ಡದೊಂದು ನಿಜ ಪ್ರಕರಣ ಹೇಳುತ್ತೇನೆ. ಹಿರಿಯರಿಗೆ ನೆನಪಿರಬಹುದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್.

2009ರ ಜನವರಿ 7. ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕದಲ್ಲಿ ಸುಮಾರು 5,300 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದೆ, ಅದರಲ್ಲಿ 5,000 ಕೋಟಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದರು. ಇಲ್ಲದ ಆ ಹಣಕ್ಕೆ ಬರಬೇಕಾದ ಬಡ್ಡಿ ಎಂದು ಇನ್ನೂ 370 ಕೋಟಿಗೂ ಹೆಚ್ಚು ಬರೆದಿದ್ದರು. ನಮ್ಮ ಸಂಘದಲ್ಲಿ ಠೇವಣಿ ನಿಜವಾಗಿತ್ತು, ಅದರ ಮೇಲಿನ ಸಾಲ ಅಡಗಿತ್ತು. ಸತ್ಯಂನಲ್ಲಿ ಹಣವೇ ಇರಲಿಲ್ಲ.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಆಡಿಟರು ಏನು ಮಾಡುತ್ತಿದ್ದರು? ಆಡಿಟ್ ಮಾಡಿದ್ದು ಜಗತ್ಪ್ರಸಿದ್ಧ ಪ್ರೈಸ್ ವಾಟರ್‌ಹೌಸ್ ಬಳಗದ ಭಾರತೀಯ ಸಂಸ್ಥೆಗಳು. ಸತ್ಯಂ ಷೇರುಗಳು ನ್ಯೂಯಾರ್ಕಿನ ಷೇರುಪೇಟೆಯಲ್ಲೂ ಇದ್ದುದರಿಂದ ಅಮೆರಿಕದ ನಿಯಂತ್ರಕರೂ ತನಿಖೆ ಮಾಡಿದರು. 2011ರ ಏಪ್ರಿಲಿನಲ್ಲಿ ಅವರ ಆದೇಶ ಬಂತು. ಅದರಲ್ಲಿ ಎತ್ತಿ ಹೇಳಿದ ಲೋಪ ಬಹಳ ಸರಳವಾದದ್ದು. ಬ್ಯಾಂಕುಗಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ಖಾತ್ರಿ ಪತ್ರಗಳ ಮೇಲೆ ಆಡಿಟರು ಹಿಡಿತ ಇಟ್ಟುಕೊಂಡಿರಲಿಲ್ಲ. ಪತ್ರಗಳನ್ನು ಕಳಿಸುವ, ಉತ್ತರ ತರುವ ಕೆಲಸವನ್ನು ಕಂಪನಿಯವರಿಗೇ ಬಿಟ್ಟಿದ್ದರು. ಆಡಿಟ್ ಸಂಸ್ಥೆಗಳು ಆರೋಪವನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳಿಗೆ ಸೇರಿಸಿ 75 ಲಕ್ಷ ಡಾಲರ್ ದಂಡ ಕಟ್ಟಿ ಇತ್ಯರ್ಥ ಮಾಡಿಕೊಂಡವು.

ಎಷ್ಟೋ ಜನ ಸತ್ಯಂ ಎಂದರೆ ಬಹಳ ಗೋಜಲಾದ ಹಣಕಾಸಿನ ಕೈಚಳಕ ಎಂದುಕೊಳ್ಳುತ್ತಾರೆ. ಒಳಗೆ ಸುಳ್ಳು ಬಿಲ್ಲುಗಳು ಸಾವಿರಾರು ಇದ್ದವು, ನಿಜ. ಆದರೆ ಆ ಸುಳ್ಳು ಬಿಲ್ಲುಗಳಿಂದ ಬಂದಂತೆ ತೋರಿಸಿದ ಹಣವೆಲ್ಲ ಕೊನೆಗೆ ಬ್ಯಾಂಕಿನ ಬಾಕಿಯಾಗಿ ನಿಲ್ಲಬೇಕಿತ್ತು. ಆ ಒಂದು ಜಾಗದಲ್ಲಿ ಬ್ಯಾಂಕಿನ ನೇರ ಉತ್ತರಕ್ಕೇ ಪಟ್ಟು ಹಿಡಿದಿದ್ದರೆ ಇಡೀ ಕಟ್ಟಡ ಅಲ್ಲಾಡುತ್ತಿತ್ತು ಎಂದು ನನ್ನ ಅಭಿಪ್ರಾಯ. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪನಿ ಕುಸಿದಾಗಲೂ ಸಿಗದೆ ಹೋದದ್ದು ಬ್ಯಾಂಕಿನಲ್ಲಿದೆ ಎಂದು ಬರೆದಿದ್ದ 190 ಕೋಟಿ ಯೂರೋ.

ಮತ್ತೊಮ್ಮೆ ನಿಂತು ನೋಡೋಣ. ಪುಸ್ತಕ ಬರೆಯುವುದು ಒಂದು ಕೆಲಸ, ಪುಸ್ತಕದ ಹೊರಗಿನ ಸಾಕ್ಷಿ ಹುಡುಕುವುದು ಇನ್ನೊಂದು. ಆ ಸಾಕ್ಷಿ ಬಂದ ದಾರಿಯ ಮೇಲೆ ಅದರ ತೂಕ ನಿಂತಿದೆ. ಈಗ ಆಡಿಟಿನ ಮಿತಿಯ ಮಾತು. ನಮ್ಮ ಸಂಘದ 1,200 ಸದಸ್ಯರ 3 ಕೋಟಿ ಸಾಲಕ್ಕೆ ಹೀಗೆ ಒಬ್ಬೊಬ್ಬರಿಗೂ ಪತ್ರ ಬರೆಯಲು ಆಗುತ್ತದೆಯೇ?

ಆಗುವುದಿಲ್ಲ. ಆಡಿಟರು ಆರಿಸುತ್ತಾರೆ. ದೊಡ್ಡ ಸಾಲಗಳನ್ನು ಬಿಡದೆ ತೆಗೆದುಕೊಳ್ಳುತ್ತಾರೆ. ನಿರ್ದೇಶಕರು ಮತ್ತು ಅವರ ಮನೆಯವರ ಸಾಲ ನೋಡುತ್ತಾರೆ. ಮಾರ್ಚ್ ಕೊನೆಯ ವಾರ ತೀರಿ ಏಪ್ರಿಲ್ ಮೊದಲ ವಾರ ಮತ್ತೆ ಕೊಟ್ಟ ಸಾಲಗಳ ಮೇಲೆ ವಿಶೇಷ ಕಣ್ಣು. ಅಂಥಲ್ಲಿ ಹಳೆಯ ಸುಸ್ತಿಯನ್ನು ಹೊಸ ಸಾಲದಿಂದಲೇ ಮುಚ್ಚಿರುವ ಸಾಧ್ಯತೆ ಇರುತ್ತದೆ. ಹಣ ಕಾಗದದ ಮೇಲೆ ಮಾತ್ರ ಓಡಾಡಿರುತ್ತದೆ. ಉಳಿದ ಸಣ್ಣ ಸಾಲಗಳಲ್ಲಿ ಯಾರ ಕೈವಾಡವೂ ಇಲ್ಲದಂತೆ ಒಂದಿಷ್ಟು ಹೆಕ್ಕುತ್ತಾರೆ. ಯಾವುದನ್ನು ಆರಿಸುತ್ತಾರೆಂದು ಸಂಘದವರಿಗೆ ಮೊದಲೇ ತಿಳಿಯಬಾರದು.

ಆರಿಸಿದ ಸದಸ್ಯರಿಗೆ ಬಾಕಿ ಖಾತ್ರಿ ಪತ್ರ ಬರುತ್ತದೆ. "ಮಾರ್ಚ್ 31ಕ್ಕೆ ನಿಮ್ಮ ಸಾಲದ ಬಾಕಿ ಇಷ್ಟು, ಸರಿಯೇ?" ಕೇಳುಗರೇ, ನಿಮ್ಮಲ್ಲಿ ಕೆಲವರಿಗೆ ಇಂಥ ಚೀಟಿ ಬಂದಿರಬಹುದು. ಸಂಘದ ಸಿಬ್ಬಂದಿ ಮನೆಗೆ ತಂದು "ಇಲ್ಲೊಂದು ಸಹಿ ಹಾಕಿ" ಎಂದಿರಬಹುದು. ಅಂಕಿ ಬರೆಯದ ಖಾಲಿ ಚೀಟಿಗೆ ಸಹಿ ಹಾಕಿದರೆ ಏನಾಗುತ್ತದೆಂದು ಈಗ ನಿಮಗೇ ಹೊಳೆದಿರಬೇಕು. ನೀವು ಕಟ್ಟಿದ ಕಂತು ಖಾತೆಗೆ ಏರದೆ ಯಾರದೋ ಜೇಬಿಗೆ ಹೋಗಿದ್ದರೆ ಅದು ಹೊರಬೀಳುವ ಜಾಗ ಈ ಚೀಟಿ. ನಿಮ್ಮ ಹತ್ತಿರ ಇರುವ ರಸೀದಿಗಳ ಜೊತೆ ಹೋಲಿಸಿ, ವ್ಯತ್ಯಾಸವಿದ್ದರೆ ಅದನ್ನೇ ಬರೆದು, ಚೀಟಿಯಲ್ಲಿರುವ ಆಡಿಟರ ವಿಳಾಸಕ್ಕೆ ಕಳಿಸಬೇಕು.

ಎಲ್ಲವನ್ನೂ ನೋಡದೆ ಆರಿಸಿ ನೋಡುವುದರಿಂದ ತಪ್ಪು ಉಳಿಯಬಹುದಲ್ಲವೇ? ಉಳಿಯಬಹುದು. 400 ರೂಪಾಯಿಯ ಚಹಾ ಬಿಲ್ಲು ಸುಳ್ಳಾಗಿದ್ದರೆ ಆಡಿಟಿನ ಕಣ್ಣಿಗೆ ಬೀಳದೆ ಹೋಗುವ ಸಂಭವವೇ ಹೆಚ್ಚು. ಕಣ್ಣಿಗೆ ಬಿದ್ದರೆ ಹೇಳುತ್ತಾರೆ, ಆದರೆ ಅದನ್ನು ಹುಡುಕಲು ಹೊರಟಿರುವುದಿಲ್ಲ. ಸದಸ್ಯರ ತೀರ್ಮಾನವನ್ನು ಬದಲಿಸುವಷ್ಟು ದೊಡ್ಡ ತಪ್ಪು ಇಲ್ಲ ಎಂದು ಸಾಕಷ್ಟು ಭರವಸೆಯಿಂದ ಹೇಳುವುದು ಆಡಿಟರ ಗುರಿ. ಪೂರ್ತಿ ಭರವಸೆ ಎಂದು ಯಾವ ವರದಿಯೂ ಹೇಳುವುದಿಲ್ಲ. ಕಾರ್ಯದರ್ಶಿ, ಸರಬರಾಜುದಾರ, ಬ್ಯಾಂಕಿನ ಸಿಬ್ಬಂದಿ ಮೂವರೂ ಒಟ್ಟಾಗಿ ಸುಳ್ಳು ಕಾಗದ ಹುಟ್ಟಿಸಿದರೆ ಎಚ್ಚರದ ಆಡಿಟರನ್ನೂ ದಾರಿ ತಪ್ಪಿಸಬಹುದು. ಈ ಮಿತಿಯನ್ನು ಒಪ್ಪಿಕೊಳ್ಳಬಹುದು. ಬ್ಯಾಂಕಿಗೆ ಪತ್ರವನ್ನೇ ಬರೆಯದೆ ಇದೇ ಮಿತಿಯ ಹಿಂದೆ ಅಡಗಿಕೊಂಡರೆ ಒಪ್ಪಲಾಗುವುದಿಲ್ಲ.

ಕೊನೆಗೆ, ನಮ್ಮ ಸಂಘದ ಆ 40 ಲಕ್ಷ ಏನಾಯಿತು? ಆಡಿಟರು ಪೊಲೀಸರಲ್ಲ. ಯಾರು ತಿಂದರು ಎಂದು ತೀರ್ಪು ಕೊಡುವುದಿಲ್ಲ. ಸಿಕ್ಕ ಸಂಗತಿಯನ್ನು ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸುತ್ತಾರೆ. ಅಡಗಿದ್ದ ಸಾಲವನ್ನು ಜವಾಬ್ದಾರಿಯ ಕಡೆ ತನ್ನಿ ಎನ್ನುತ್ತಾರೆ. ಹೊರಗೆ ಹೋದ ಹಣದಲ್ಲಿ ಎಷ್ಟು ವಸೂಲಾಗುತ್ತದೆಂದು ನೋಡಿ, ಬಾರದ್ದನ್ನು ನಷ್ಟವಾಗಿ ತೋರಿಸಿ ಎನ್ನುತ್ತಾರೆ. ಸಹಕಾರ ಇಲಾಖೆಗೂ ವರದಿ ಹೋಗುತ್ತದೆ. ಸಹಕಾರ ಸಂಘಗಳ ಕಾಯ್ದೆಯ 64ನೇ ಪ್ರಕರಣದಲ್ಲಿ ವಿಚಾರಣೆ ನಡೆಸುವ ಅಧಿಕಾರ ಇಲಾಖೆಗಿದೆ.

ಮಂಡಳಿ ಲೆಕ್ಕ ತಿದ್ದಿದರೆ ವರದಿಯಲ್ಲಿ ಲೆಕ್ಕ ಸರಿ ಚಿತ್ರ ಕೊಡುತ್ತದೆ ಎಂದು ಬರೆಯಬಹುದು. ತಿದ್ದಲು ಒಪ್ಪದಿದ್ದರೆ? ತಪ್ಪು ಒಂದು ಭಾಗಕ್ಕೆ ಸೀಮಿತವಾಗಿದ್ದರೆ "ಈ ವಿಷಯವನ್ನು ಹೊರತುಪಡಿಸಿ" ಸರಿ ಇದೆ ಎಂದು ಬರೆಯುತ್ತಾರೆ. ಇಡೀ ಲೆಕ್ಕವನ್ನೇ ಕೆಡಿಸುವಂತಿದ್ದರೆ ಲೆಕ್ಕ ಸರಿಯಾದ ಚಿತ್ರ ಕೊಡುವುದಿಲ್ಲ ಎಂದೇ ಬರೆಯುತ್ತಾರೆ. ಪುಸ್ತಕ, ಕಾಗದ, ಉತ್ತರ ಯಾವುದನ್ನೂ ಕೊಡದೆ ಸತಾಯಿಸಿದ್ದರೆ, ಸಾಕ್ಷ್ಯ ಸಿಗದ ಕಾರಣ ಅಭಿಪ್ರಾಯ ಹೇಳಲು ಸಾಧ್ಯವಿಲ್ಲ ಎಂದು ಬರೆಯುತ್ತಾರೆ. ಕೇಳಲು ಮೆತ್ತಗಿರುವ ಈ ಕೊನೆಯ ವಾಕ್ಯಕ್ಕೆ ಸಭೆಯಲ್ಲಿ ಯಾರೂ ಬೆಚ್ಚುವುದಿಲ್ಲ. ಬೆಚ್ಚಬೇಕು.

ಈ ನಾಲ್ಕರಲ್ಲಿ ಯಾವುದನ್ನು ಬರೆದಿದ್ದಾರೆ ಎಂಬುದು ವರದಿಯಲ್ಲಿ "ಅಭಿಪ್ರಾಯ" ಎಂಬ ತಲೆಬರಹದ ಕೆಳಗೆ ಒಂದೆರಡು ಪ್ಯಾರಾಗಳಲ್ಲಿ ಇರುತ್ತದೆ. "ಹೊರತುಪಡಿಸಿ" ಎಂಬ ಮಾತಿದ್ದರೆ ಅದರ ಆಧಾರವೇನೆಂದು ಪಕ್ಕದಲ್ಲೇ ಬರೆದಿರುತ್ತಾರೆ, ಮೊತ್ತದ ಸಮೇತ. ಸಭೆಯಲ್ಲಿ ಪೂರ್ತಿ ವರದಿ ಓದಲು ಹೊತ್ತಿಲ್ಲವೆಂದರೆ ಆ ಭಾಗವನ್ನಾದರೂ ಗಟ್ಟಿಯಾಗಿ ಓದಿಸಿ. ಓದಲು ಮೂರು ನಿಮಿಷ ಸಾಕು.